ಚರ್ಚ್ ಕುಸಿಯಿತು, ಇಂಕಾ ಗೋಡೆ ನಿಂತಿತು: ಯಾಕೆ?

1950ರ ಮೇ 21ರಂದು ಪೆರುವಿನ ಕುಸ್ಕೊ ನಗರದಲ್ಲಿ ಭೂಕಂಪವಾಯಿತು. ಸ್ಪೇನಿನವರ ಸಾಂತೊ ದೊಮಿಂಗೊ ಚರ್ಚಿನ ಭಾಗಗಳು ಕುಸಿದಾಗ, ಅದರೊಳಗೆ ಮುಚ್ಚಿಹೋಗಿದ್ದ ಕೊರಿಕಾಂಚ ದೇಗುಲದ ಗೋಡೆಗಳು ಬಯಲಾದವು. ಇಂಕಾಗಳು ಗಾರೆಯಿಲ್ಲದೆ ಕಟ್ಟಿದ ಆ ಗೋಡೆಗಳು ನಿಂತೇ ಇದ್ದವು! 1650ರ ಭೂಕಂಪವನ್ನೂ ಅವು ಕಂಡಿದ್ದವು.

ನಮ್ಮ ಕಾವೂರಿನಲ್ಲಿ ಮುರಕಲ್ಲಿನ ಗೋಡೆ ಏಳುವುದನ್ನು ನೋಡಿ. ಕಲ್ಲು ಸ್ವಲ್ಪ ಅಂಕುಡೊಂಕಾದರೂ ಸಂದಿಗೆ ಸಿಮೆಂಟ್ ತುಂಬಿದರೆ ಮುಗೀತು. ಗಾರೆ ಇಲ್ಲ ಅಂದ್ರೆ ಆ ಅಂಕುಡೊಂಕನ್ನು ಕಲ್ಲಿನಲ್ಲೇ ತೀರಿಸಬೇಕು. ಹೇಗೆ? ಬರ್ಕ್ಲಿಯ ವಾಸ್ತುಶಿಲ್ಪಿ ಜೀನ್ ಪಿಯರ್ ಪ್ರೋಟ್ಸೆನ್ 1980ರ ದಶಕದಲ್ಲಿ ತಾವೇ ಕಲ್ಲು ಕುಟ್ಟಿ ನೋಡಿದರು. ಕೈಯಲ್ಲಿ ಗಟ್ಟಿ ಉರುಟು ಕಲ್ಲು ಹಿಡಿದು ಆಂಡಿಸೈಟ್ ಬಂಡೆಯ ಮೇಲೆ ಓರೆಯಾಗಿ ಬಡಿದರೆ ಚೂರು ಚೂರಾಗಿ ಪುಡಿ ಉದುರುತ್ತದೆ. ಚಿಕ್ಕ ಬಂಡೆಯೊಂದರ ಮೂರು ಮುಖಗಳಿಗೆ ಅವರಿಗೆ ಹಿಡಿದದ್ದು ಸುಮಾರು ಒಂದೂವರೆ ಗಂಟೆ. ಆಮೇಲೆ ಕೆಳಗಿನ ಕಲ್ಲಿನ ಮೇಲ್ಮೈಯನ್ನು ಮೇಲಿನದಕ್ಕೆ ತಕ್ಕ ಹಾಗೆ ಕೆತ್ತಬೇಕು. ಕೂರಿಸಿ ಎತ್ತಿದರೆ, ಎಲ್ಲಿ ಪುಡಿ ಒತ್ತಿಹೋಗಿದೆಯೋ ಅಲ್ಲಿ ಕಲ್ಲು ತಾಗುತ್ತಿದೆ ಎಂದರ್ಥ. ಅಲ್ಲಿ ಕುಟ್ಟು, ಮತ್ತೆ ಕೂರಿಸು. ಸಾಕ್ಸಾಯ್‌ವಾಮನ್‌ನ ನೂರು ಟನ್ನಿಗೂ ಮೀರಿದ ಬಂಡೆಗಳನ್ನು ಹೀಗೆ ಪದೇ ಪದೇ ಎತ್ತಿ ಇಳಿಸಿದರು ಎಂದು ನಂಬುವುದು ನನಗಂತೂ ಕಷ್ಟ. ಅಲ್ಲಿ ಅಳತೆ ತೆಗೆಯುವ ಬೇರೆ ಉಪಾಯ ಇದ್ದಿರಬೇಕು.

ಈಗ ನೆಲ ನಡುಗುವ ವಿಷಯ. ಗಾರೆ ಎಳೆತವನ್ನು ತಾಳುವುದು ಕಡಿಮೆ, ಒಮ್ಮೆ ಬಿರುಕು ಬಿಟ್ಟರೆ ಮತ್ತೆ ಕೂಡಿಕೊಳ್ಳದು. ಒಣ ಗೋಡೆಯಲ್ಲಿ ಹಿಡಿದಿಟ್ಟಿರುವುದು ಕಲ್ಲಿನ ತೂಕ ಮತ್ತು ಘರ್ಷಣೆ. ಕಂಪನ ಬಂದಾಗ ಕಲ್ಲುಗಳು ಒಂದಿಷ್ಟು ಜಾರಿ ಉಜ್ಜಿಕೊಳ್ಳುತ್ತವೆ, ಆ ಉಜ್ಜಾಟದಲ್ಲೇ ಶಕ್ತಿಯ ಒಂದು ಪಾಲು ಕಳೆಯುತ್ತದೆ. ಒಂದಕ್ಕೊಂದು ಕಚ್ಚಿಕೊಂಡ ಆಕಾರದಿಂದ ಜಾರುವಿಕೆ ಮಿತಿಯಲ್ಲಿರುತ್ತದೆ. ಗೋಡೆ ಒಳಕ್ಕೆ ವಾಲಿರುವುದರಿಂದ, ಬುಡ ದಪ್ಪ ಇರುವುದರಿಂದ, ಭಾರ ಸುಲಭವಾಗಿ ಹೊರಕ್ಕೆ ಉರುಳುವುದಿಲ್ಲ. ಆದರೆ ಒಂದು ಮಾತು: ಎತ್ತರದ ಗೋಪುರ ಹೊತ್ತ ಚರ್ಚನ್ನೂ ತಗ್ಗಾದ ದಪ್ಪ ಗೋಡೆಯನ್ನೂ ಹೋಲಿಸುವುದು ಪೂರ್ತಿ ನ್ಯಾಯವಲ್ಲ.

ಈ ಗೋಡೆಗಳಿಗೂ ಪೆಟ್ಟಾಗುತ್ತದೆ. ಮಾಚು ಪಿಚುವಿನಲ್ಲಿ ಅಕ್ಕಪಕ್ಕದ ಕಲ್ಲುಗಳ ಮೂಲೆಗಳು ಎದುರುಬದುರಾಗಿ ಚಕ್ಕೆ ಎದ್ದಿರುವುದು ಭೂಕಂಪದಲ್ಲಿ ಡಿಕ್ಕಿ ಹೊಡೆದ ಗುರುತು ಅನ್ನುತ್ತಾರೆ ಸಂಶೋಧಕರು. ಅಲ್ಲಿನ ಮುಖ್ಯ ದೇಗುಲದ ಮೂಲೆಯಲ್ಲಿ ಸಂದುಗಳು ಬಾಯಿಬಿಟ್ಟದ್ದಕ್ಕೆ ಕಾರಣ ಬೇರೆ, ಅಡಿಯ ನೆಲ ಕುಸಿದದ್ದು. ಎಷ್ಟೇ ಬಿಗಿಯಾಗಿ ಕೂಡಿಸಿದರೂ ಬುಡ ಜಗ್ಗಿದರೆ ಕಲ್ಲು ಸರಿಯಲೇಬೇಕು.

ಹಂಪಿಯ ಕೋಟೆಗೋಡೆ ನೋಡಿದವರಿಗೆ ಇದು ಪರಿಚಿತ ಅನ್ನಿಸಬಹುದು. ಅಲ್ಲೂ ದೊಡ್ಡ ಗ್ರಾನೈಟ್ ಬಂಡೆಗಳನ್ನು ಗಾರೆಯಿಲ್ಲದೆ ಕೂಡಿಸಿದ್ದಾರೆ. ಆದರೆ ಅವುಗಳ ಹಿಂಬದಿ ಬೆಣೆಯಂತೆ ಕಿರಿದಾಗಿದ್ದು, ಅದರ ಹಿಂದೆ ಮಣ್ಣು, ಜಲ್ಲಿ ತುಂಬಿದೆ. ಜೊತೆಗೆ ಐಎಸ್ 1893:2016ರ ನಕ್ಷೆಯಲ್ಲಿ ಹಂಪಿ ಇರುವುದು ಕಡಿಮೆ ಅಪಾಯದ ವಲಯ 2ರಲ್ಲಿ. ನಮ್ಮ ಮಂಗಳೂರು ವಲಯ 3ರಲ್ಲಿದೆ.