ಇಡ್ಲಿಗೆ ಎಷ್ಟು ಹೊತ್ತು? ಅಡುಗೆ ಪುಟಗಳ ಗಡಿಯಾರ ಮತ್ತು ನಕ್ಷತ್ರಗಳ ಕಥೆ

ಇಡ್ಲಿ ಮಾಡಲು ಎಷ್ಟು ಹೊತ್ತು ಬೇಕು ಎಂದು ಯಾವ ಮನೆಯಲ್ಲಿ ಕೇಳಿದರೂ ಬರುವ ಮೊದಲ ಉತ್ತರ, "ಹಿಂದಿನ ದಿನವೇ ನೆನೆಹಾಕಬೇಕು." ಅದೇ ಪ್ರಶ್ನೆಯನ್ನು ಗೂಗಲ್‌ನಲ್ಲಿ ಹುಡುಕಿದರೆ ಚಿತ್ರ, ಅದರ ಕೆಳಗೆ ನಕ್ಷತ್ರಗಳು, ಪಕ್ಕದಲ್ಲಿ ಒಂದು ಸಮಯ ಕಾಣುತ್ತವೆ. ಆ ಸಮಯ ಒಂದು ಪುಟಕ್ಕೆ ಹದಿನೈದು ಗಂಟೆಯ ಹತ್ತಿರವಿದ್ದರೆ, ಇನ್ನೊಂದಕ್ಕೆ ಒಂದು ಗಂಟೆಯೂ ಇರುವುದಿಲ್ಲ. ಅಡುಗೆ ಒಂದೇ, ಅಕ್ಕಿ ಉದ್ದೂ ಅವೇ. ವ್ಯತ್ಯಾಸ ಇರುವುದು ಓದುಗರ ಕಣ್ಣಿಗೆ ಬೀಳದ, ಯಂತ್ರಕ್ಕಾಗಿಯೇ ಬರೆದ ಕೆಲವು ಸಾಲುಗಳಲ್ಲಿ. ಆ ಸಾಲುಗಳಿಗೆ ಸ್ಕೀಮಾ ಮಾರ್ಕಪ್ ಎಂದು ಹೆಸರು.

ಮೊದಲು ಹುಡುಕಾಟದ ಫಲಿತಾಂಶಗಳೆಲ್ಲ ಹೆಚ್ಚುಕಡಿಮೆ ಒಂದೇ ರೂಪದಲ್ಲಿರುತ್ತಿದ್ದವು: ನೀಲಿ ಶೀರ್ಷಿಕೆ, ಕೆಳಗೆ ಎರಡು ಸಾಲು ಬರಹ. ಪುಟದಲ್ಲಿ "20 ನಿಮಿಷ ಬೇಯಿಸಿ" ಎಂದಿದ್ದರೆ ಅದು ಅಡುಗೆಯ ಒಟ್ಟು ಸಮಯವೋ, ಬೇಳೆಯೊಂದರ ಸಮಯವೋ ಯಂತ್ರಕ್ಕೆ ತಿಳಿಯುತ್ತಿರಲಿಲ್ಲ. ಇದಕ್ಕೆ ಸಿಕ್ಕ ಮೊದಲ ಪರಿಹಾರ ಮೈಕ್ರೋಫಾರ್ಮ್ಯಾಟ್. ಜಾಲತಾಣ ಕಟ್ಟುವವರೇ ಸೇರಿ ರೂಪಿಸಿದ `hRecipe` ಎಂಬ ಪದ್ಧತಿಯಲ್ಲಿ, ಪುಟದಲ್ಲಿ ಈಗಾಗಲೇ ಇರುವ ಪದಗಳ ಸುತ್ತಲೇ `ingredient`, `duration`, `yield` ಎಂಬ ಗುರುತು ಹಚ್ಚಬೇಕಿತ್ತು. ಡಬ್ಬಿಗಳಿಗೆ ಚೀಟಿ ಅಂಟಿಸಿದಂತೆ: ಒಳಗಿನ ಸಾಮಾನು ಬದಲಾಗದು, ಹೊರಗಿನಿಂದ ಗುರುತು ಸಿಗುತ್ತದೆ.

2009ರ ಮೇನಲ್ಲಿ ಗೂಗಲ್ ರಿಚ್ ಸ್ನಿಪೆಟ್ಸ್ ಎಂಬ ಹೆಸರಿನಲ್ಲಿ ಇಂಥ ಗುರುತುಗಳನ್ನು ಓದಿ ಫಲಿತಾಂಶದಲ್ಲಿ ತೋರಿಸಲು ಆರಂಭಿಸಿತು. ಆಗ ಇದ್ದದ್ದು ವಿಮರ್ಶೆಗಳು ಮತ್ತು ವ್ಯಕ್ತಿಗಳ ಪರಿಚಯ ಮಾತ್ರ. ಅಡುಗೆಯ ಸರದಿ ಬಂದದ್ದು 2010ರಲ್ಲಿ. ಮರುವರ್ಷ, 2011ರ ಫೆಬ್ರುವರಿಯಲ್ಲಿ, ರೆಸಿಪಿ ವ್ಯೂ ಎಂಬ ಪ್ರತ್ಯೇಕ ಹುಡುಕಾಟವೇ ಶುರುವಾಯಿತು. ಬೇಕಾದ ಸಾಮಗ್ರಿ, ತಗಲುವ ಸಮಯ, ಕ್ಯಾಲೊರಿ ಇವುಗಳನ್ನು ಆರಿಸಿಕೊಂಡು ಪಟ್ಟಿಯನ್ನು ಸೋಸಬಹುದಿತ್ತು.

ಆ ಸೋಸುವಿಕೆಯೇ ಮೊದಲ ತಕರಾರಿಗೆ ಕಾರಣವಾಯಿತು. ಫುಡ್52 ತಾಣದ ಸಹಸಂಸ್ಥಾಪಕಿ ಅಮಾಂಡಾ ಹೆಸ್ಸರ್ ಅದೇ ವರ್ಷ ಇದನ್ನು ಟೀಕಿಸಿ ಬರೆದರು. ಗುರುತು ಹಚ್ಚಲು ತಂತ್ರಜ್ಞರನ್ನು ಇಟ್ಟುಕೊಂಡ ದೊಡ್ಡ ತಾಣಗಳು ಮುಂದೆ ಬರುತ್ತವೆ. ಬೇಗ ಆಗುವ, ಕ್ಯಾಲೊರಿ ಕಡಿಮೆಯಿರುವ ಅಡುಗೆಗೆ ಮಣೆ ಸಿಗುತ್ತದೆ. ನಿಧಾನವಾಗಿ ಬೇಯಬೇಕಾದ ಒಳ್ಳೆಯ ಅಡುಗೆ ಹಿಂದೆ ಬೀಳುತ್ತದೆ ಎಂಬುದು ಅವರ ಆಕ್ಷೇಪದ ತಿರುಳು. ರೆಸಿಪಿ ವ್ಯೂ ಈಗಿಲ್ಲ. ಆಕ್ಷೇಪ ಮಾತ್ರ ಹಳತಾಗಿಲ್ಲ.

ಅಲ್ಲಿಯವರೆಗೆ ಇನ್ನೊಂದು ಕಷ್ಟವೂ ಇತ್ತು. ಹುಡುಕುಯಂತ್ರಗಳು ಒಂದೇ ಪದಕೋಶವನ್ನು ಒಪ್ಪಿಕೊಂಡಿರಲಿಲ್ಲ. ಮೈಕ್ರೋಫಾರ್ಮ್ಯಾಟ್ ಒಂದು ಕಡೆ, ಆರ್‌ಡಿಎಫ್‌ಎ ಇನ್ನೊಂದು ಕಡೆ, ಗೂಗಲ್ ತಾನೇ ಇಟ್ಟುಕೊಂಡಿದ್ದ `data-vocabulary.org` ಮತ್ತೊಂದು ಕಡೆ. 2011ರ ಜೂನ್ 2ರಂದು ಗೂಗಲ್, ಬಿಂಗ್, ಯಾಹೂ ಸೇರಿ `schema.org` ಪ್ರಕಟಿಸಿದವು. ರಷ್ಯಾದ ಯಾಂಡೆಕ್ಸ್ ಕೆಲವು ತಿಂಗಳಲ್ಲಿ ಜೊತೆಯಾಯಿತು. ಇದರ ಹಿಂದಿದ್ದ ಪ್ರಮುಖರಲ್ಲಿ ಒಬ್ಬರು ಮದ್ರಾಸ್ ಐಐಟಿಯಲ್ಲಿ ಓದಿದ ರಾಮನಾಥನ್ ವಿ. ಗುಹಾ. ಆರ್‌ಎಸ್‌ಎಸ್ ಮತ್ತು ಆರ್‌ಡಿಎಫ್‌ಗಳ ಹುಟ್ಟಿನಲ್ಲಿಯೂ ಅವರ ಪಾಲಿದೆ. ಅಡುಗೆಗೆ `Recipe` ಎಂಬ ಒಂದೇ ಹೆಸರು, ಸಮಯಕ್ಕೆ `prepTime`, `cookTime`, `totalTime` ಎಂಬ ಮೂರು ಖಾನೆಗಳು ಎಂದಾಗ ತಾಣ ಕಟ್ಟುವವರು ನಿಟ್ಟುಸಿರು ಬಿಟ್ಟರು. ಹಳೆಯ ಪದಕೋಶ ಮಾತ್ರ ಬಹಳ ಕಾಲ ಉಳಿದುಕೊಂಡಿತು. ಅದಕ್ಕೆ ಗೂಗಲ್ ಬೆಂಬಲ ನಿಲ್ಲಿಸಿದ್ದು 2021ರ ಜನವರಿ 29ರಂದು.

ಮುಂದಿನ ದೊಡ್ಡ ಬದಲಾವಣೆ ಗುರುತನ್ನು ಎಲ್ಲಿ ಬರೆಯಬೇಕು ಎಂಬುದರಲ್ಲಿ ಆಯಿತು. 2014ರ ಜನವರಿಯಲ್ಲಿ ಡಬ್ಲ್ಯು3ಸಿ ಶಿಫಾರಸು ಮಾಡಿದ ಜೇಸನ್-ಎಲ್‌ಡಿ ಪದ್ಧತಿಯಲ್ಲಿ ಪದಪದಕ್ಕೂ ಚೀಟಿ ಅಂಟಿಸುವ ಕೆಲಸವಿಲ್ಲ. ಅಡುಗೆಯ ವಿವರವನ್ನೆಲ್ಲ ಪುಟದ ಒಂದು ಮೂಲೆಯಲ್ಲಿ, ಓದುಗರಿಗೆ ಕಾಣದಂತೆ, ಒಟ್ಟಾಗಿ ಬರೆದಿಡಬಹುದು. ಗೂಗಲ್ ಇಂದು ಮೊದಲು ಶಿಫಾರಸು ಮಾಡುವುದು ಇದನ್ನೇ. ಇಡ್ಲಿಯ ಪುಟಕ್ಕೆ ಅದು ಹೀಗಿರುತ್ತದೆ:

```json
{
  "@context": "https://schema.org",
  "@type": "Recipe",
  "name": "ಇಡ್ಲಿ",
  "image": "https://example.com/idli.jpg",
  "prepTime": "PT40M",
  "cookTime": "PT12M",
  "totalTime": "PT14H52M",
  "aggregateRating": {
    "@type": "AggregateRating",
    "ratingValue": "4.6",
    "ratingCount": "38"
  }
}
```

ಅನುಕೂಲದ ಜೊತೆಗೆ ಒಂದು ಅಪಾಯವೂ ಬಂತು. ಚೀಟಿ ಅಂಟಿಸುವ ಕಾಲದಲ್ಲಿ ಓದುಗರು ಕಂಡದ್ದನ್ನೇ ಯಂತ್ರವೂ ಓದುತ್ತಿತ್ತು. ಈಗ ಬರಹ ಎರಡಾಯಿತು: ಒಂದು ಮನುಷ್ಯರಿಗೆ, ಇನ್ನೊಂದು ಯಂತ್ರಕ್ಕೆ. ಪುಟದ ಮೇಲೆ "ರಾತ್ರಿಯಿಡೀ ಹುದುಗು ಬರಿಸಿ" ಎಂದು ಬರೆದವರು ಒಳಗೆ ಐವತ್ತೆರಡು ನಿಮಿಷ ಎಂದು ಬರೆದರೂ ತಡೆಯುವವರಿಲ್ಲ. ಕಳೆದ ಹತ್ತು ವರ್ಷಗಳಲ್ಲಿ ಸೇರಿದ ನಿಯಮಗಳಲ್ಲಿ ಹಲವು ಈ ಎರಡು ಬರಹಗಳ ನಡುವಿನ ಬಿರುಕನ್ನು ಮುಚ್ಚುವ ಯತ್ನಗಳೇ.

ಮೊದಲು ಸಮಯದ ಖಾನೆ. `PT40M` ಎಂಬುದು ಐಎಸ್‌ಒ 8601 ಮಾನಕದ ಬರವಣಿಗೆ. P ಅಂದರೆ ಅವಧಿ, T ಅಂದರೆ ಇಲ್ಲಿಂದ ಮುಂದೆ ಗಂಟೆ-ನಿಮಿಷದ ಲೆಕ್ಕ, ಆಮೇಲಿನ M ನಿಮಿಷ. T ಬಿಟ್ಟು `P40M` ಎಂದು ಬರೆದರೆ ಅದೇ M ತಿಂಗಳಾಗುತ್ತದೆ. ಇಡ್ಲಿ ಹಿಟ್ಟು ರುಬ್ಬಲು ನಲವತ್ತು ತಿಂಗಳು! ಮಾನಕದ ವ್ಯಾಕರಣಕ್ಕೆ ಅದು ತಪ್ಪಲ್ಲವಾದ್ದರಿಂದ ಕಣ್ಣು ತಪ್ಪುವುದು ಸುಲಭ. "40 ನಿಮಿಷ" ಎಂದು ನೇರವಾಗಿ ಬರೆದರೆ ಯಂತ್ರಕ್ಕೆ ಅರ್ಥವಾಗುವುದಿಲ್ಲ. "30ರಿಂದ 40 ನಿಮಿಷ" ಎಂಬ ಅಂದಾಜಿಗೂ ಗೂಗಲ್‌ನಲ್ಲಿ ಜಾಗವಿಲ್ಲ, ಒಂದೇ ಸಂಖ್ಯೆ ಬೇಕು. `cookTime` ಕೊಟ್ಟರೆ `prepTime` ಕೂಡ ಜೊತೆಗಿರಬೇಕು ಎನ್ನುತ್ತದೆ ಅದರ ಮಾರ್ಗಸೂಚಿ.

ಇಲ್ಲಿಗೆ ಬಂದಾಗ ಇಡ್ಲಿ ತೊಡಕಾಗುತ್ತದೆ. ನಾಲ್ಕು ಗಂಟೆ ನೆನೆಸುವುದು, ನಲವತ್ತು ನಿಮಿಷ ತೊಳೆದು ರುಬ್ಬುವುದು, ಹತ್ತು ಗಂಟೆ ಹುದುಗು ಬರಲು ಬಿಡುವುದು, ಹನ್ನೆರಡು ನಿಮಿಷ ಹಬೆಯಲ್ಲಿ ಬೇಯಿಸುವುದು. ಒಟ್ಟು 14 ಗಂಟೆ 52 ನಿಮಿಷ. ಆದರೆ ಗೂಗಲ್ ಓದುವ ಮೂರು ಗಡಿಯಾರಗಳಲ್ಲಿ ಒಂದು ತಯಾರಿಗೆ, ಒಂದು ಬೇಯಿಸಲು, ಒಂದು ಒಟ್ಟಿಗೆ. ನೆನೆಯುವ, ಹುದುಗುವ, ಅಂದರೆ ಕೈಗೆ ಕೆಲಸವಿಲ್ಲದೆ ಅಡುಗೆ ತಾನೇ ಆಗುವ ಹೊತ್ತಿಗೆ ಬೇರೆ ಖಾನೆಯಿಲ್ಲ. ಹಲವು ರೆಸಿಪಿ ಪ್ಲಗಿನ್‌ಗಳಲ್ಲಿ "ಕಾಯುವ ಸಮಯ" ಎಂಬ ಜಾಗವಿದ್ದರೂ ಅದು ಪುಟದ ಮೇಲೆ ಕಾಣಲಷ್ಟೇ. ಕೆಳಗಿನ ಕೋಡಿಗೆ ಇಳಿಯುವಾಗ ಒಟ್ಟು ಸಮಯದಲ್ಲಿ ಕರಗಿಹೋಗುತ್ತದೆ, ಇಲ್ಲವೇ ಕಳೆದೇಹೋಗುತ್ತದೆ.

ಹಾಗಾಗಿ ಬರೆಯುವವರ ಮುಂದೆ ಎರಡು ದಾರಿ. `totalTime` ಬಿಟ್ಟುಬಿಟ್ಟರೆ ಯಂತ್ರಕ್ಕೆ ತಿಳಿಯುವುದು 40 ಮತ್ತು 12, ಸೇರಿ 52 ನಿಮಿಷ. ಈ ಸಂಖ್ಯೆ ಫಲಿತಾಂಶದಲ್ಲಿ ಚೆನ್ನಾಗಿ ಕಾಣುತ್ತದೆ, ಕ್ಲಿಕ್ಕನ್ನೂ ಸೆಳೆಯಬಹುದು. ಆದರೆ ಸಂಜೆ ಏಳಕ್ಕೆ ನೋಡಿ ಎಂಟಕ್ಕೆ ಇಡ್ಲಿ ತಿನ್ನಬಹುದೆಂದು ನಂಬಿ ಬಂದವರು ಮೊದಲ ಸಾಲಿನಲ್ಲೇ "ನಾಲ್ಕು ಗಂಟೆ ನೆನೆಸಿ" ಓದಿ ಹೊರಟುಹೋಗುತ್ತಾರೆ. `PT14H52M` ಎಂದು ಬರೆದರೆ ನೋಡಲು ಭಾರವಾಗುತ್ತದೆ, ಆದರೆ ಸತ್ಯ. ದೋಸೆ, ಪಡ್ಡು, ಢೋಕ್ಲಾಗಳಿಗೂ ಇದೇ ಪಾಡು. ಯಂತ್ರದ ಖಾನೆ ನಮ್ಮ ಅಡುಗೆಯ ಅಳತೆಗೆ ಹೊಲಿದ ಅಂಗಿಯಲ್ಲ. ಆದರೂ ಮೂರೂ ಖಾನೆ ತುಂಬಿದರೆ ಕೈಕೆಲಸ ಎಷ್ಟು, ಒಟ್ಟು ಹೊತ್ತು ಎಷ್ಟು ಎಂಬ ಎರಡೂ ಮಾತು ಉಳಿಯುತ್ತವೆ.

ನಕ್ಷತ್ರಗಳ ಕಥೆ ಇದಕ್ಕಿಂತ ಕಟುವಾದದ್ದು, ಏಕೆಂದರೆ ಅಲ್ಲಿ ಆಸೆ ಹೆಚ್ಚು. ಮೇಲಿನ ಮಾದರಿಯಲ್ಲಿ 38 ಜನ ಅಂಕ ಕೊಟ್ಟಿದ್ದಾರೆ ಎಂದುಕೊಳ್ಳಿ: 26 ಜನ ಐದು, 9 ಜನ ನಾಲ್ಕು, 3 ಜನ ಮೂರು. ಕೂಡಿದರೆ 175, ಭಾಗಿಸಿದರೆ 4.6. `ratingValue` ಜೊತೆಗೆ ಎಷ್ಟು ಜನರ ಅಂಕ ಎಂಬ ಲೆಕ್ಕವೂ ಇರಲೇಬೇಕು, ಇಲ್ಲದಿದ್ದರೆ ನಕ್ಷತ್ರ ಬರುವುದಿಲ್ಲ. ಕನ್ನಡ ತಾಣಗಳು ಗಮನಿಸಬೇಕಾದ ಸಂಗತಿಯೊಂದಿದೆ. ಅಡುಗೆಯ ಹೆಸರು, ಸಾಮಗ್ರಿ, ವಿಧಾನ ಎಲ್ಲವನ್ನೂ ಕನ್ನಡದಲ್ಲೇ ಬರೆಯಬಹುದು, ಆದರೆ ಅಂಕವನ್ನು ೪.೬ ಎಂದು ಬರೆಯುವಂತಿಲ್ಲ. ಸ್ಕೀಮಾದ ಸೂಚನೆಯಂತೆ 0ಯಿಂದ 9ರವರೆಗಿನ ಇಂಗ್ಲಿಷ್ ಅಂಕಿಗಳು, ನಡುವೆ ಚುಕ್ಕಿ, ಇಷ್ಟೇ ಸಲ್ಲುತ್ತವೆ. ಪುಟದ ಮೇಲೆ ಕನ್ನಡ ಅಂಕಿ ಬಳಸುವವರು ಒಳಗಿನ ಸಾಲಿನಲ್ಲಿ ಅದನ್ನು ಬದಲಿಸಿಕೊಳ್ಳಬೇಕು.

ಯಾರೂ ಅಂಕ ಕೊಡದಿದ್ದರೂ ಐದು ನಕ್ಷತ್ರ ತುಂಬಿಟ್ಟ ಸಿದ್ಧ ಟೆಂಪ್ಲೇಟುಗಳಿವೆ. ಬೇರೆ ತಾಣದ ಅಂಕಗಳನ್ನು ತಂದು ಕೂಡಿಸುವುದೂ ಉಂಟು. ಎರಡೂ ನಿಯಮಬಾಹಿರ. ಅಂಕ ಬಳಕೆದಾರರಿಂದಲೇ ಬಂದಿರಬೇಕು, ಪುಟದ ಮೇಲೂ ಕಾಣುವಂತಿರಬೇಕು. 2019ರ ಸೆಪ್ಟೆಂಬರಿನಲ್ಲಿ ಗೂಗಲ್ ನಕ್ಷತ್ರಗಳನ್ನು ಕೆಲವೇ ಬಗೆಯ ಪುಟಗಳಿಗೆ ಮಿತಿಗೊಳಿಸಿತು. ಸಂಸ್ಥೆಗಳು ತಮ್ಮದೇ ತಾಣದಲ್ಲಿ ತಮ್ಮ ಬಗ್ಗೆ ಹಾಕಿಕೊಂಡ ವಿಮರ್ಶೆಯ ನಕ್ಷತ್ರಗಳು ಹೋದವು, ಅಡುಗೆಯವು ಉಳಿದವು. 2023ರಲ್ಲಿ `HowTo` ಎಂಬ ಹಂತಹಂತದ ವಿಧಾನಗಳ ವಿಶೇಷ ಫಲಿತಾಂಶವನ್ನೇ ತೆಗೆದುಹಾಕಿದಾಗಲೂ ಅಡುಗೆಗೆ ಕುತ್ತು ಬರಲಿಲ್ಲ. ಮೋಸ ಮಾಡಿದ್ದು ಸಿಕ್ಕಿಬಿದ್ದರೆ ಗೂಗಲ್ ಕೈಯಾರೆ ಕ್ರಮ ಕೈಗೊಳ್ಳುತ್ತದೆ. ಪುಟದ ಸ್ಥಾನ ಅದರಿಂದ ಕುಸಿಯುವುದಿಲ್ಲ, ಆದರೆ ಚಿತ್ರ, ಸಮಯ, ನಕ್ಷತ್ರ ಎಲ್ಲ ಹೋಗಿ ಹಳೆಯ ಬೋಳು ಸಾಲು ಉಳಿಯುತ್ತದೆ.

ತಪ್ಪು ಹಿಡಿಯಲು ಗೂಗಲ್‌ನ ರಿಚ್ ರಿಸಲ್ಟ್ಸ್ ಟೆಸ್ಟ್ ಇದೆ. ಪುಟದ ವಿಳಾಸ ಕೊಟ್ಟರೆ ಅದು ಒಳಗಿನ ಸಾಲುಗಳನ್ನು ಓದಿ ಹೇಳುತ್ತದೆ. ಅಡುಗೆಗೆ ಕಡ್ಡಾಯವಾದವು ಎರಡೇ, `name` ಮತ್ತು `image`, ಇವಿಲ್ಲದಿದ್ದರೆ ದೋಷ. ಸಮಯ, ಅಂಕಗಳಂಥವು ಬಿಟ್ಟುಹೋದರೆ ಬರೀ ಎಚ್ಚರಿಕೆ. ಅಲ್ಲಿ ಒಂದರ ಬದಲು ಎರಡು `Recipe` ಕಂಡರೆ, ಥೀಮ್ ಒಂದು, ಪ್ಲಗಿನ್ ಇನ್ನೊಂದು ಬರೆದಿವೆಯೇ ಎಂದು ಮೊದಲು ನೋಡಬೇಕು; ಎರಡರಲ್ಲೂ ಬೇರೆ ಬೇರೆ ಸಮಯವಿದ್ದರೆ ಒಂದನ್ನು ನಿಲ್ಲಿಸಬೇಕು. ಪರೀಕ್ಷೆಯಲ್ಲಿ ಪಾಸಾದ ಮಾತ್ರಕ್ಕೆ ನಕ್ಷತ್ರ ಬಂದೇ ಬರುತ್ತದೆ ಎಂಬ ಭರವಸೆಯನ್ನು ಗೂಗಲ್ ಕೊಟ್ಟಿಲ್ಲ. ಪರೀಕ್ಷೆ ನೋಡುವುದು ವ್ಯಾಕರಣವನ್ನು. ಹಿಟ್ಟು ನಿಜವಾಗಿ ಎಷ್ಟು ಹೊತ್ತು ಹುದುಗಿತೆಂದು ಅದಕ್ಕೆ ಗೊತ್ತಿಲ್ಲ.

ಕನ್ನಡದಲ್ಲಿ ಅಡುಗೆ ಬರೆಯುವವರು ತಮ್ಮ ಒಂದು ಇಡ್ಲಿ ಅಥವಾ ದೋಸೆಯ ಪುಟವನ್ನು ಇಂದೇ ಈ ಪರೀಕ್ಷೆಗೆ ಕೊಟ್ಟು, `totalTime` ಎದುರಿಗೆ ಏನು ಬರೆದಿದೆ ಎಂದು ಒಮ್ಮೆ ನೋಡಿಕೊಳ್ಳಲಿ. ಅಲ್ಲಿ ನೆನೆಸಿದ ಹೊತ್ತೂ ಹುದುಗಿದ ಹೊತ್ತೂ ಸೇರಿರದಿದ್ದರೆ ಸೇರಿಸಲಿ.