ಯಾರೂ ಕೇಳದ ಬಿಟ್

1998ರಲ್ಲಿ ನನ್ನ ಮನೆ ಡೊಂಬಿವಲಿಯಲ್ಲಿ, ಕೆಲಸ ವಾಶಿಯಲ್ಲಿ. ಕುರ್ಲಾದಲ್ಲಿ ಇಳಿದು ಹಾರ್ಬರ್ ಲೈನ್ ಹಿಡಿದು ಹೋಗುವಷ್ಟರಲ್ಲಿ ಬೆಳಗಿನ ಅರ್ಧ ಶಕ್ತಿ ಮುಗಿದಿರುತ್ತಿತ್ತು. ಹಾಗೆ ತಲುಪಿದ ಒಂದು ದಿನ ನಮ್ಮ ಯುನಿಕ್ಸ್ ಯಂತ್ರದಲ್ಲಿ ಸಂಬಳದ ಕಡತವನ್ನು ನೋಡಿ ಗಾಬರಿಯಾಯಿತು.

```
-rw-rw-rw-
```

ಯಂತ್ರಕ್ಕೆ ಲಾಗಿನ್ ಆದ ಯಾರು ಬೇಕಾದರೂ ಎಲ್ಲರ ಸಂಬಳ ಓದಬಹುದು, ತಿದ್ದಲೂಬಹುದು. ಹಿಂದಿನ ವಾರ ನಾನೇ ಆ ಪ್ರೋಗ್ರಾಮನ್ನು ಕೈಯಾರೆ ಓಡಿಸಿ ಪರೀಕ್ಷಿಸಿದ್ದೆ. ಆಗ ಕಡತ `-rw-r--r--` ಎಂದು ಹುಟ್ಟಿತ್ತು. ಪ್ರೋಗ್ರಾಮ್ ಒಂದೇ, ಯಂತ್ರ ಒಂದೇ, ಕಡತದ ಹಕ್ಕು ಮಾತ್ರ ಬೇರೆ.

ಪಕ್ಕದಲ್ಲಿ ಕೂರುತ್ತಿದ್ದ ಹಿರಿಯರು ಧಾರವಾಡದ ಕಡೆಯವರು. ಅವರು ಒಂದೇ ಆಜ್ಞೆ ಕೊಟ್ಟು ನೋಡಿ ಹೇಳಿದರು: “ಬೂಟ್ ಆಗೂವಾಗ ಇದಕ್ಕ ಮಾಸ್ಕ್ ಸೊನ್ನಿ ಐತಿ ನೋಡ್ರಿ. ಅದಕ್ಕ ಎಲ್ಲಾ ಬಾಗಲಾ ತೆರದಾವ.” ನಾನು ಕೇಳಿದೆ: “ಎಲ್ಲಾ ತೆರೆದಿದ್ರೆ x ಯಾಕಿಲ್ಲ ಸರ್?” ಅವರು ನಕ್ಕು, “ಕೇಳಿದ್ರ ತಾನ ಕೊಡೂದು! x ಯಾರೂ ಕೇಳೇ ಇಲ್ಲ” ಎಂದರು.

ಆ ಉತ್ತರದ ಹಿಂದೆ ಒಂದು ಇತಿಹಾಸವಿದೆ.

1971ರ ನವೆಂಬರ್‌ನಲ್ಲಿ ಬೆಲ್ ಲ್ಯಾಬ್ಸ್‌ನ ಕೆನ್ ಥಾಮ್ಸನ್ ಮತ್ತು ಡೆನಿಸ್ ರಿಚಿ ಯುನಿಕ್ಸ್‌ನ ಮೊದಲ ಕೈಪಿಡಿ ತಂದರು. ಆಗ ಗುಂಪಿನ ಕಲ್ಪನೆ ಇರಲಿಲ್ಲ. ಕಡತದ ಮಾಲೀಕನಿಗೆ ಓದುವ, ಬರೆಯುವ ಎರಡು ಬಿಟ್, ಉಳಿದವರಿಗೆ ಅಂಥವೇ ಎರಡು. ಓಡಿಸಬಹುದೆಂಬ ಗುರುತು ಮಾತ್ರ ಇಡೀ ಕಡತಕ್ಕೆ ಒಂದೇ. ಓದುವುದು, ಬರೆಯುವುದು ಯಾರು ಎಂಬ ಪ್ರಶ್ನೆಗೆ ಉತ್ತರ; ಓಡುವುದು ಈ ಕಡತ ಏನು ಎಂಬ ಪ್ರಶ್ನೆಗೆ ಉತ್ತರ. ಮುಂದೆ ಗುಂಪು ಬಂದು ಮೂವರಿಗೂ ಮೂರು ಮೂರರಂತೆ ಒಂಬತ್ತು ಬಿಟ್‌ಗಳಾದವು. ಆದರೂ x ತನ್ನ ಹಳೆಯ ಗುಣವನ್ನು ಪೂರ್ತಿ ಬಿಡಲಿಲ್ಲ.

ಆ ದಿನಗಳಲ್ಲಿ ಹೊಸ ಕಡತಕ್ಕೆ ಯಾವ ಹಕ್ಕು ಎಂಬುದನ್ನು ಅದನ್ನು ಸೃಷ್ಟಿಸುವ ಪ್ರೋಗ್ರಾಮೇ ನಿರ್ಧರಿಸುತ್ತಿತ್ತು. ಎಡಿಟರ್ ಬರೆದವನಿಗೆ ನಿಮ್ಮ ಕಚೇರಿಯಲ್ಲಿ ಎಷ್ಟು ಗುಟ್ಟು ಬೇಕೆಂದು ಹೇಗೆ ಗೊತ್ತಾಗಬೇಕು? 1979ರ ಏಳನೆಯ ಆವೃತ್ತಿಯಲ್ಲಿ ಬಂದ `umask` ಈ ತೊಡಕನ್ನು ಬಿಡಿಸಿತು. ಪ್ರೋಗ್ರಾಮ್ ತನಗೆ ಬೇಕಾದ ಹಕ್ಕನ್ನು ಧಾರಾಳವಾಗಿ ಕೇಳಲಿ. ಬಳಕೆದಾರ ಬೇಡವೆಂದದ್ದನ್ನು ಕರ್ನಲ್ ಅದರಿಂದ ತೆಗೆದುಹಾಕುತ್ತದೆ.

```
mode & ~umask
```

ಏಳನೆಯ ಆವೃತ್ತಿಯ ಶೆಲ್ `>` ಚಿಹ್ನೆಗೆ ಕಡತ ತೆರೆಯುವಾಗ ಕೇಳುವುದು 0666: ಓದು, ಬರೆ, ಎಲ್ಲರಿಗೂ. ಮಾಸ್ಕ್ 022 ಇದ್ದರೆ ಗುಂಪಿನ ಮತ್ತು ಇತರರ ಬರೆಯುವ ಬಿಟ್ ಹೋಗಿ 644 ಉಳಿಯುತ್ತದೆ. ಮಾಸ್ಕ್ 000 ಇದ್ದರೆ ಕೇಳಿದ 666 ಪೂರ್ತಿ ಸಿಗುತ್ತದೆ, ಅದಕ್ಕಿಂತ ಒಂದು ಬಿಟ್ಟೂ ಹೆಚ್ಚಲ್ಲ. ಮಾಸ್ಕ್ ಕಿತ್ತುಕೊಳ್ಳಬಲ್ಲದು, ಕೊಡಲಾರದು.

ಇದನ್ನು ಕಳೆಯುವ ಲೆಕ್ಕ ಎಂದು ಕಲಿಸುವವರು ಬಹಳ. 666ರಲ್ಲಿ 022 ಕಳೆದರೆ 644 ಸರಿಯಾಗಿಯೇ ಬರುವುದರಿಂದ ತಪ್ಪು ಗೊತ್ತಾಗುವುದಿಲ್ಲ. 033 ಹಾಕಿ ನೋಡಿ. ಕಳೆದರೆ 633, ಅಂದರೆ ಇತರರು ಬರೆಯಬಹುದು, ಓಡಿಸಬಹುದು, ಓದಲಾಗದು! ನಿಜದಲ್ಲಿ ಬರುವುದು 644. ಮಾಸ್ಕಿನ 3 ಎಂದರೆ ಬರೆ ಮತ್ತು ಓಡಿಸು. ಕೇಳಿದ 6ರಲ್ಲಿ ಓಡಿಸು ಇಲ್ಲವೇ ಇಲ್ಲ, ಆದ್ದರಿಂದ ಬರೆ ಮಾತ್ರ ಹೋಗಿ ಓದು ಉಳಿಯುತ್ತದೆ.

ಹಾಗಾದರೆ ಶೆಲ್ 777 ಏಕೆ ಕೇಳಲಿಲ್ಲ? ಯುನಿಕ್ಸ್‌ನಲ್ಲಿ ಪ್ರೋಗ್ರಾಮಿನ ಹೆಸರಿಗೆ ವಿಶೇಷ ಬಾಲ ಬೇಕಿಲ್ಲ. ಡಾಸ್‌ನಲ್ಲಿ `.EXE` ಮಾಡುತ್ತಿದ್ದ ಕೆಲಸ ಇಲ್ಲಿ x ಬಿಟ್‌ನದು. x ಇರುವ ಕಡತದ ಹೆಸರನ್ನು ಟೈಪ್ ಮಾಡಿದಾಗ ಅದು ಯಂತ್ರಭಾಷೆಯಲ್ಲಿ ಇಲ್ಲದಿದ್ದರೆ, ಶೆಲ್ ಅದನ್ನು ಆಜ್ಞೆಗಳ ಪಟ್ಟಿ ಎಂದು ತಿಳಿದು ಒಂದೊಂದೇ ಸಾಲನ್ನು ನಡೆಸುತ್ತದೆ. ಜೊತೆಗೆ, ಏಳನೆಯ ಆವೃತ್ತಿಯ ಶೆಲ್ ಆಜ್ಞೆ ಹುಡುಕುವಾಗ ಮೊದಲು ನೋಡುತ್ತಿದ್ದದ್ದು ನೀವಿರುವ ಡೈರೆಕ್ಟರಿಯನ್ನೇ, `/bin` ಆಮೇಲೆ. ನೀವು ಕಂತಿನ ದಿನಾಂಕಗಳನ್ನು `date` ಎಂಬ ಕಡತದಲ್ಲಿ ಬರೆದಿಟ್ಟಿದ್ದೀರಿ ಎನ್ನೋಣ. ಅದಕ್ಕೆ ತಾನಾಗಿ x ಬಂದಿದ್ದರೆ, ಇಂದು ಯಾವ ತಾರೀಖು ಎಂದು `date` ಒತ್ತಿದಾಗ ಓಡುವುದು ನಿಮ್ಮ ಟಿಪ್ಪಣಿ. ಅದರೊಳಗೆ ಮರೆಯದಿರಲೆಂದು `rm *.old` ಎಂದು ಗುರುತು ಹಾಕಿಕೊಂಡ ಸಾಲೊಂದಿದ್ದರೆ ಅದೂ ನಡೆದುಹೋಗುತ್ತದೆ.

x ನಿಜಕ್ಕೂ ಬೇಕಾದವರು ಕೇಳಿಯೇ ಕೇಳುತ್ತಾರೆ. ಪ್ರೋಗ್ರಾಮ್ ಕಟ್ಟಿ ಮುಗಿಸುವ ಲಿಂಕರ್ ತನ್ನ ಫಲಿತಾಂಶಕ್ಕೆ x ಸೇರಿಸುತ್ತದೆ. `mkdir` 777 ಕೇಳುತ್ತದೆ, ಏಕೆಂದರೆ ಡೈರೆಕ್ಟರಿಯಲ್ಲಿ x ಎಂದರೆ ಓಡಿಸುವುದಲ್ಲ, ಒಳಗೆ ಹಾದುಹೋಗುವುದು. ಸ್ಕ್ರಿಪ್ಟ್ ಬರೆದವರು `chmod +x` ಕೊಡುತ್ತಾರೆ.

ಈ ಭೇದ ಊರಿಂದೂರಿಗೂ ದಾಟುತ್ತಿತ್ತು. 1986–87ರ ಸುಮಾರಿಗೆ ಮುಂಬಯಿಯ ಎನ್‌ಸಿಎಸ್‌ಟಿ ಮತ್ತು ಐಐಟಿ ನಡುವೆ ಫೋನ್ ತಂತಿಯ ಮೇಲೆ ಇಮೇಲ್ ಓಡಾಡಿದಾಗ ಅದನ್ನು ಹೊತ್ತದ್ದು ಯುನಿಕ್ಸ್‌ನ ಯುಯುಸಿಪಿ. ದೇಶದ ಅರ್ನೆಟ್ ಜಾಲದ ಮೊದಲ ಹೆಜ್ಜೆಗಳಲ್ಲಿ ಅದೂ ಒಂದು. (ಎನ್‌ಸಿಎಸ್‌ಟಿ ಮುಂದೆ ಸಿ-ಡ್ಯಾಕ್‌ನಲ್ಲಿ ಸೇರಿತು, ಅದರ ನವಿ ಮುಂಬಯಿ ಆವರಣ ಖಾರ್ಘರ್‌ನಲ್ಲಿದೆ.) ಕಡತ ಸಾಗಿಸುವ `uucp` ಆಜ್ಞೆಯ ಕೈಪಿಡಿ ನಿಯಮವನ್ನು ಸ್ಪಷ್ಟವಾಗಿ ಹೇಳುತ್ತದೆ: ತಲುಪಿದ ಕಡತಕ್ಕೆ ಓದು-ಬರೆ ಹಕ್ಕು 0666, x ಮಾತ್ರ ಮೂಲದಲ್ಲಿ ಇದ್ದಂತೆ. ಆ ಊರಿನ ಬಳಕೆದಾರರು ಈ ಊರಿನಲ್ಲಿಲ್ಲ, ಹಾಗಾಗಿ ಯಾರು ಓದಬೇಕೆಂಬುದು ಊರಿಗೆ ಬಿಟ್ಟದ್ದು. ಕಡತ ಓಡುವಂಥದ್ದೇ ಎಂಬುದು ಊರು ಬದಲಾದರೂ ಬದಲಾಗದು.

ಹೀಗೆಂದು x ಇಲ್ಲದಿರುವುದು ಬೀಗವಲ್ಲ. ಓದುವ ಹಕ್ಕಿದ್ದವರು `sh ಕಡತ` ಎಂದು ಕೊಟ್ಟು ಸ್ಕ್ರಿಪ್ಟನ್ನು ಓಡಿಸಬಲ್ಲರು. ಅದು ಅಕಸ್ಮಾತ್ತಿನ ವಿರುದ್ಧದ ತಡೆ, ದುರುದ್ದೇಶದ ವಿರುದ್ಧದ್ದಲ್ಲ. ಪೆನ್‌ಡ್ರೈವಿನ ಫ್ಯಾಟ್ ವ್ಯವಸ್ಥೆಯಲ್ಲಂತೂ ಈ ಬಿಟ್‌ಗಳೇ ಇಲ್ಲ. ಅದಕ್ಕೇ ಲಿನಕ್ಸ್‌ಗೆ ಸಿಕ್ಕಿಸಿದಾಗ ಮದುವೆಯ ಫೋಟೋಗಳೂ ಓಡುವ ಪ್ರೋಗ್ರಾಮುಗಳಂತೆ ಕಾಣುವುದುಂಟು.

ಇನ್ನು ವಾಶಿಯ ಆ ಕಡತ. ಮಾಸ್ಕ್ ತಂದೆ ಪ್ರಕ್ರಿಯೆಯಿಂದ ಮಗುವಿಗೆ ಬರುತ್ತದೆ. ನಾನು ಲಾಗಿನ್ ಆದಾಗ `/etc/profile` ಅದನ್ನು 022 ಮಾಡುತ್ತಿತ್ತು, ನನ್ನ ಪರೀಕ್ಷೆ ಪಾಸಾಯಿತು. ಯಂತ್ರ ಬೂಟ್ ಆಗುವಾಗ ಆ ಕಡತವನ್ನು ಓದುವವರೇ ಇಲ್ಲ. ಮೊದಲ ಪ್ರಕ್ರಿಯೆಯ 000 ಹಾಗೆಯೇ ಕೆಳಗಿಳಿದು ಬಂದಿತ್ತು. ಬೂಟ್ ಸ್ಕ್ರಿಪ್ಟಿನಲ್ಲಿ ಪ್ರೋಗ್ರಾಮ್ ಶುರುವಾಗುವ ಸಾಲಿನ ಮೇಲೆ ಒಂದು ಸಾಲು ಸೇರಿಸಿದೆವು.

```
umask 027
```

ಅಲ್ಲಿಂದ ಮುಂದೆ ಹೊಸ ಕಡತಗಳು 640 ಆಗಿ ಹುಟ್ಟಿದವು. ಹಳೆಯವನ್ನು ಮಾಸ್ಕ್ ಮುಟ್ಟುವುದಿಲ್ಲ. ಅದರ ಅಧಿಕಾರ ಹುಟ್ಟಿನ ಕ್ಷಣದ್ದು ಮಾತ್ರ. ಅವನ್ನು `chmod 640` ಕೊಟ್ಟು ಒಂದೊಂದಾಗಿ ಸರಿಪಡಿಸಿದೆವು. ಇಂದಿನ ಲಿನಕ್ಸ್‌ನಲ್ಲಿ ಓಡುತ್ತಿರುವ ಪ್ರಕ್ರಿಯೆಯ ಮಾಸ್ಕನ್ನು `/proc/PID/status` ಒಳಗಿನ `Umask` ಸಾಲಿನಲ್ಲಿ ನೇರವಾಗಿ ನೋಡಬಹುದು. ಆಗ ನಮಗಿದ್ದ ದಾರಿ ಒಂದೇ: ಯಂತ್ರವನ್ನು ಮತ್ತೆ ಬೂಟ್ ಮಾಡಿ, ಹೊಸ ಕಡತ ಹುಟ್ಟುವುದನ್ನು ಕಾದು, `ls -l` ಕೊಡುವುದು. ಆ ಸಂಜೆ ಕುರ್ಲಾದಲ್ಲಿ ಎಂದಿನ ಗಾಡಿ ತಪ್ಪಿತು.