ಒಂದು ಯೂನಿಟ್ ವಿದ್ಯುತ್ತಿಗೆ ಎಷ್ಟು ಕಲ್ಲಿದ್ದಲು?

ಬೆಂಗಳೂರಿಗೆ ಮೊದಲ ವಿದ್ಯುತ್ತು ಬಂದದ್ದು ಕಾವೇರಿಯ ಶಿವನಸಮುದ್ರದಿಂದ. ರಾಜ್ಯ ಕಲ್ಲಿದ್ದಲಿಗೆ ಕೈಹಾಕಿದ್ದು ಬಹಳ ತಡವಾಗಿ. ರಾಯಚೂರಿನ ಶಕ್ತಿನಗರದಲ್ಲಿ 210 ಮೆಗಾವಾಟ್‌ನ ಮೊದಲ ಘಟಕ ಶುರುವಾಗಿದ್ದು 1985ರಲ್ಲಿ. ಅಂದಿನಿಂದ 'ಒಂದು ಯೂನಿಟ್ಟಿಗೆ ಎಷ್ಟು ಕಲ್ಲಿದ್ದಲು ಸುಟ್ಟಿರಿ' ಎಂಬ ಪ್ರಶ್ನೆ ನಮ್ಮದೂ ಆಯಿತು.

ಆ ಪ್ರಶ್ನೆಗೆ ಕೆ.ಜಿ. ಲೆಕ್ಕದ ಉತ್ತರವೊಂದೇ ಸಾಲದು. ಕಿಲೋಗೆ 4000 ಕಿಲೋಕ್ಯಾಲರಿ ಕೊಡುವ ಕಲ್ಲಿದ್ದಲು 625 ಗ್ರಾಂ ಬೇಕಾದಲ್ಲಿ, ಬೂದಿ ಹೆಚ್ಚಿರುವ 3200ರದ್ದು 780 ಗ್ರಾಂ ಬೇಕು. ಯಂತ್ರ ಅದೇ, ತಪ್ಪು ಇದ್ದಲಿನದು. ಹಾಗಾಗಿ ಎಂಜಿನಿಯರುಗಳು ನೋಡುವುದು ಹೀಟ್ ರೇಟನ್ನು, ಅಂದರೆ ಒಂದು ಯೂನಿಟ್ ಉತ್ಪಾದಿಸಲು ವ್ಯಯಿಸಿದ ಶಾಖವನ್ನು. ಒಂದು ಯೂನಿಟ್‌ನೊಳಗಿರುವ ಶಕ್ತಿ 860 ಕಿಲೋಕ್ಯಾಲರಿ. ಹೀಟ್ ರೇಟ್ 2500 ಇದ್ದರೆ ದಕ್ಷತೆ ಶೇ 34ರಷ್ಟು.

ಉಳಿದ ಶಾಖದಲ್ಲಿ ಒಂದು ಪಾಲು ಚಿಮಣಿಯಿಂದ ಹೋಗುತ್ತದೆ. ದೊಡ್ಡ ಪಾಲು ಹೋಗುವುದು ಕಂಡೆನ್ಸರಿನಲ್ಲಿ, ಟರ್ಬೈನ್ ತಿರುಗಿಸಿ ಬಂದ ಹಬೆ ಮತ್ತೆ ನೀರಾಗುವಾಗ. ಅದು ಉಷ್ಣಶಾಸ್ತ್ರದ ನಿಯಮ, ಪೂರ್ತಿ ತಪ್ಪಿಸಲಾಗದು. ಆದರೆ ಕೊಳವೆಗಳೊಳಗೆ ಪಾಚಿ, ಸುಣ್ಣದ ಪೊರೆ ಕಟ್ಟಿದರೆ ಅಥವಾ ಎಲ್ಲಾದರೂ ಗಾಳಿ ಒಳನುಗ್ಗಿದರೆ ನಿರ್ವಾತ ಕುಸಿದು ನಷ್ಟ ಇನ್ನೂ ಬೆಳೆಯುತ್ತದೆ. ಹಬೆ ನೀರಾಗುವ ತಾಪಕ್ಕೂ ಹೊರಬರುವ ತಣ್ಣೀರಿನ ತಾಪಕ್ಕೂ ಅಂತರ ಹಿಗ್ಗಿದರೆ ಅದೇ ಸೂಚನೆ. ಬಾಯ್ಲರಿನ ಕಡೆ ಚಿಮಣಿಗೆ ಹೋಗುವ ಅನಿಲ ಮಾಮೂಲಿಗಿಂತ ಸುಮಾರು 20 ಡಿಗ್ರಿ ಹೆಚ್ಚು ಬಿಸಿಯಾದರೆ ಬಾಯ್ಲರಿನ ದಕ್ಷತೆಯಲ್ಲಿ ಹತ್ತಿರಹತ್ತಿರ ಶೇ 1 ಕಳೆದಂತೆ.

ಹೊಸ ತಲೆಮಾರಿನ ದಾರಿ ಬೇರೆ: ಹಬೆಯ ಒತ್ತಡ, ತಾಪ ಎರಡನ್ನೂ ಏರಿಸುವುದು. 2007ರ ಹೊತ್ತಿಗೆ ಬಳ್ಳಾರಿ ಬಳಿಯ ಕುಡತಿನಿಯಲ್ಲಿ 500 ಮೆಗಾವಾಟ್ ಘಟಕ ಬಂತು. ಕುದಿಯುವ ಹಂತವೇ ಇಲ್ಲದೆ ನೀರು ನೇರ ಹಬೆಯಾಗುವ ಸೂಪರ್‌ಕ್ರಿಟಿಕಲ್ ಘಟಕಗಳು, 800 ಮೆಗಾವಾಟ್‌ನವು, ಯರಮರಸ್ ಮತ್ತು ಕೂಡಗಿಯಲ್ಲಿ ಅದಾದ ದಶಕದೊಳಗೆ ಎದ್ದವು.

ಒಂದು ಲೆಕ್ಕ ಹಾಕೋಣ. ಕಿಲೋಗೆ 3600 ಕಿಲೋಕ್ಯಾಲರಿಯ ಇದ್ದಲೆಂದುಕೊಳ್ಳಿ. ಹಳೆಯ ಘಟಕದ ಹೀಟ್ ರೇಟ್ 2500 ಆದರೆ ಜನರೇಟರಿನ ಬಳಿ ಯೂನಿಟ್ಟಿಗೆ 694 ಗ್ರಾಂ. ಪಂಪು, ಫ್ಯಾನು, ಮಿಲ್ಲುಗಳು ಶೇ 9 ನುಂಗಿದರೆ 763. ತಂತಿಯಲ್ಲಿ ಶೇ 10 ಹೋದರೆ ಮನೆ ಮೀಟರಿನ ಬಳಿ ಅದು 848 ಗ್ರಾಂ. ಹೀಟ್ ರೇಟ್ 2200, ಸ್ವಂತ ಬಳಕೆ ಶೇ 6 ಇರುವ ಘಟಕಕ್ಕೆ ಇದೇ ಲೆಕ್ಕದಲ್ಲಿ 722 ಗ್ರಾಂ ಸಾಕು. ಮೀಟರಿನ ಪ್ರತಿ ಯೂನಿಟ್ಟಿನಲ್ಲೂ 126 ಗ್ರಾಂ ಉಳಿತಾಯ.

ಆದರೆ ಈ 2200 ಪೂರ್ಣ ಭಾರದಲ್ಲಿ ಸಿಗುವ ಸಂಖ್ಯೆ. ಪಾವಗಡದಂಥ ಸೋಲಾರ್ ಪಾರ್ಕುಗಳು ಹಗಲಿನಲ್ಲಿ ತುಂಬಿಕೊಟ್ಟಾಗ ಕಲ್ಲಿದ್ದಲು ಘಟಕಗಳನ್ನು ಅರ್ಧದ ಹತ್ತಿರಕ್ಕೆ ಇಳಿಸುತ್ತಾರೆ. ಆಗ ಹೀಟ್ ರೇಟ್ ಏರುತ್ತದೆ, ಸ್ವಂತ ಬಳಕೆಯ ಶೇಕಡಾವಾರೂ ಏರುತ್ತದೆ. ಸುಟ್ಟ ಒಟ್ಟು ಇದ್ದಲು ಕಡಿಮೆಯಾದರೂ ಪ್ರತಿ ಯೂನಿಟ್ಟಿನ ಲೆಕ್ಕ ಕೆಡುತ್ತದೆ. ಈ ಎರಡನ್ನೂ ಬೇರ್ಪಡಿಸದೆ ಘಟಕವೊಂದನ್ನು ದೂರುವುದು ಅನ್ಯಾಯ.